ಹನ್ನೊಂದು ಸೆಕೆಂಡಿನ ಉತ್ತರ

ಎಂಟು ವಾಕ್ಯಗಳಿರುವ ಒಂದು ಪುಟ. ಪ್ರತಿ ವಾಕ್ಯದ ಮುಂದೆ ಐದು ಬಟನ್. ಒಬ್ಬರು ಅದನ್ನು 11 ಸೆಕೆಂಡಿನಲ್ಲಿ ಮುಗಿಸಿ ಮುಂದಿನ ಪುಟಕ್ಕೆ ಹೋಗಿದ್ದಾರೆ. ಎಂಟಕ್ಕೆ ಎಂಟೂ ಉತ್ತರ “ಪೂರ್ತಿ ಒಪ್ಪುತ್ತೇನೆ”. ಇವರನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಬೇಕಾ, ಬಿಡಬೇಕಾ?

ನೋಡಿದ ಕೂಡಲೇ ಯಾರಾದರೂ “ಬಿಡಿ ಮಾರಾಯ್ರೇ, ಇದೆಲ್ಲ ಟೈಂಪಾಸ್” ಅನ್ನುತ್ತಾರೆ. ನಮ್ಮ ನಾಲ್ಕು ಜನರ ಟೀಮಿನಲ್ಲೂ ಮೊದಲು ಬಂದ ಮಾತು ಅದೇ. ಆದರೆ ಅದೇ ಶೀಟಿನಲ್ಲಿ ಒಂದು ಪುಟದ ಎಂಟಕ್ಕೆ ಎಂಟೂ 5 ಒತ್ತಿದವರು ಬೇರೆ ಕೆಲವರೂ ಇದ್ದರು. ಅವರನ್ನೂ ಒಟ್ಟಿಗೇ ಗುಡಿಸಿ ಹಾಕಿದ್ದರೆ ನಾವು ಸರ್ವೆ ಮಾಡಿದ್ದಕ್ಕೆ ಅರ್ಥವೇ ಇರುತ್ತಿರಲಿಲ್ಲ. ಇವೆರಡು ಬಗೆಯವರನ್ನು ಬೇರೆ ಮಾಡುವುದು ಹೇಗೆ ಅನ್ನುವುದೇ ಈ ಬರಹ.

ಸರ್ವೆ ಯಾವುದಕ್ಕೆ ಅಂತ ಮೊದಲು ಹೇಳ್ತೇನೆ. ಮೂಡುಬಿದಿರೆಗೆ ದಿನಾ ಬಸ್ಸಲ್ಲಿ ಬಂದು ಹೋಗುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ನಿಮಗೂ ಗೊತ್ತುಂಟು. ಬಂಟ್ವಾಳ ಕಡೆಯವರು ಸಿದ್ದಕಟ್ಟೆ ದಾರಿಯಲ್ಲಿ ಬರುತ್ತಾರೆ. ಬೆಳ್ತಂಗಡಿ ಕಡೆಯವರು ಗುರುವಾಯನಕೆರೆ, ವೇಣೂರು ಹಾದು ಬರುತ್ತಾರೆ. ಲ್ಯಾಬ್ ಇರುವ ದಿನ ಕೊನೆಯ ಪೀರಿಯಡ್ ಮುಗಿಯುವಾಗ ಒಳಭಾಗಕ್ಕೆ ಹೋಗುವ ಬಸ್ಸು ಹೊರಟು ಆಗಿರುತ್ತದೆ ಅನ್ನುವುದು ಹಳೆಯ ದೂರು. ಲ್ಯಾಬನ್ನು ಅರ್ಧ ಗಂಟೆ ಮೊದಲು ಶುರು ಮಾಡಿ ಎಂದು ಕೇಳಲಿಕ್ಕೆ ಬಾಯಿಮಾತು ಸಾಕಾಗುವುದಿಲ್ಲ, ಡೇಟಾ ತನ್ನಿ ಅಂದರು. ಹಾಗೆ ಇದು ನಮ್ಮ ಮಿನಿ ಪ್ರಾಜೆಕ್ಟ್ ಆಯಿತು.

ಫಾರ್ಮಿನಲ್ಲಿ ಮುಖ್ಯವಾಗಿ ಮೂರು ಪುಟ. ಒಂದನೆಯದು ಬೆಳಗ್ಗಿನ ಬಸ್ಸು, ಎರಡನೆಯದು ಸಂಜೆಯ ಬಸ್ಸು, ಮೂರನೆಯದು ಕ್ಲಾಸು, ಹಾಜರಿ, ಓದು, ಸುಸ್ತು ಇತ್ಯಾದಿ. ಒಂದೊಂದರಲ್ಲೂ ಎಂಟು ವಾಕ್ಯ, 1ರಿಂದ 5ರ ತನಕ ಉತ್ತರ. ಕನ್ನಡ, ಇಂಗ್ಲಿಷ್ ಎರಡರಲ್ಲೂ ತುಂಬಬಹುದಿತ್ತು. ಬಂದ ಉತ್ತರ 206.

ಇಲ್ಲಿ ಒಂದು ವಿಷಯ. ನಾವೆಲ್ಲ ಕಣ್ಣು ಮುಚ್ಚಿ ಗೂಗಲ್ ಫಾರ್ಮ್ ಮಾಡುತ್ತೇವಲ್ಲ, ಅದರ ಶೀಟಿನಲ್ಲಿ ಸಿಗುವ ಟೈಮ್‌ಸ್ಟ್ಯಾಂಪ್ ಸಬ್ಮಿಟ್ ಒತ್ತಿದ ಹೊತ್ತು ಮಾತ್ರ. ಯಾವಾಗ ಶುರು ಮಾಡಿದರು, ಯಾವ ಪುಟದಲ್ಲಿ ಎಷ್ಟು ಹೊತ್ತು ಇದ್ದರು ಅಂತ ಅದು ಹೇಳುವುದಿಲ್ಲ. ಅವಸರದಲ್ಲಿ ತುಂಬಿದವರನ್ನು ಹುಡುಕಬೇಕಾದರೆ ಸಮಯ ಬರೆದಿಟ್ಟುಕೊಳ್ಳುವ ಸಾಧನವೇ ಬೇಕು. ನಾವು ಲೈಮ್‌ಸರ್ವೆ ಹಾಕಿಕೊಂಡೆವು. ಅದರ ಸೆಟ್ಟಿಂಗಿನಲ್ಲಿ `Save timings` ಅಂತ ಉಂಟು, ಸರ್ವೆಯನ್ನು ಆಕ್ಟಿವೇಟ್ ಮಾಡುವ ಮೊದಲೇ ಅದನ್ನು ಆನ್ ಮಾಡಿರಬೇಕು. ಆಗ ಒಟ್ಟು ಸಮಯ `interviewtime` ಎಂಬ ಕಾಲಮ್ಮಿನಲ್ಲಿ, ಪ್ರತಿ ಪುಟದ ಸಮಯ ಬೇರೆ ಬೇರೆ ಕಾಲಮ್ಮಿನಲ್ಲಿ ಸೆಕೆಂಡು ಲೆಕ್ಕದಲ್ಲಿ ಬರುತ್ತದೆ.

ಈ ಸಮಯ ಸರ್ವರಿನ ಗಡಿಯಾರದ್ದು. ಪುಟ ಕಳಿಸಿದ ಹೊತ್ತಿನಿಂದ ಉತ್ತರ ವಾಪಸ್ ಮುಟ್ಟಿದ ಹೊತ್ತಿನ ತನಕ. ಅಂದರೆ ನೆಟ್‌ವರ್ಕ್ ಕೈಕೊಟ್ಟರೆ ಸಮಯ ಜಾಸ್ತಿ ಕಾಣುತ್ತದೆ, ಕಡಿಮೆ ಅಂತೂ ಕಾಣುವುದಿಲ್ಲ. ಬೆಳ್ತಂಗಡಿಯ ಒಳಗಿನಿಂದ ತುಂಬಿದವರ ಹದಿನೈದು ಸೆಕೆಂಡಿನಲ್ಲಿ ಐದು ಸೆಕೆಂಡು ಬರೇ ಲೋಡಿಂಗ್ ಆಗಿರಬಹುದು. ಹಾಗಾಗಿ “ಬೇಗ ಮುಗಿಸಿದ್ದಾರೆ” ಅಂತ ಶೀಟು ಹೇಳಿದರೆ ನಂಬಬಹುದು, “ನಿಧಾನವಾಗಿ ಓದಿದ್ದಾರೆ” ಅಂತ ಹೇಳಿದರೆ ಅಷ್ಟು ನಂಬಲಿಕ್ಕೆ ಆಗುವುದಿಲ್ಲ. ಒಬ್ಬರು ಒಂದೇ ಪುಟದಲ್ಲಿ 47 ನಿಮಿಷ ಇದ್ದರು. ಅಷ್ಟೊತ್ತು ಆಲೋಚನೆ ಮಾಡಿದ್ದಲ್ಲ, ಬಸ್ಸು ಬಂದಿರಬೇಕು, ಫೋನ್ ಕಿಸೆಗೆ ಹೋಗಿರಬೇಕು. ಇಂಥ ಒಂದೆರಡು ಇದ್ದರೆ ಸರಾಸರಿ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಅದಕ್ಕೇ ಸಮಯದ ವಿಷಯದಲ್ಲಿ ಸರಾಸರಿ ಬೇಡ, ಮಧ್ಯಕ ಸಾಕು. ಎಲ್ಲರನ್ನೂ ಸಮಯದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸರೀ ನಡುವೆ ನಿಂತವರ ಸಮಯ.

ಈಗ “ಬೇಗ” ಅಂದರೆ ಎಷ್ಟು ಬೇಗ?

ಹುಡುಕಿದರೆ ಮೊದಲು ಸಿಗುವ ಅಳತೆ ಒಂದು ಪದಕ್ಕೆ 300 ಮಿಲಿಸೆಕೆಂಡ್. 2014ರಲ್ಲಿ ಝಾಂಗ್ ಮತ್ತು ಕಾನ್ರಾಡ್ ಎಂಬಿಬ್ಬರು ನೆದರ್ಲೆಂಡ್ಸಿನ ಒಂದು ಆನ್‌ಲೈನ್ ಪ್ಯಾನೆಲ್ಲಿನ ಡೇಟಾ ತೆಗೆದುಕೊಂಡು, ಪ್ರಶ್ನೆಯಲ್ಲಿರುವ ಪದಗಳನ್ನು ಎಣಿಸಿ, ಪದಕ್ಕೆ ಇಷ್ಟು ಹೊತ್ತೂ ಕೊಡದವರನ್ನು ಅವಸರದವರು ಅಂತ ಗುರುತಿಸಿದರು. ಹಾಗೆ ಓಡುವವರೇ ಒಂದೇ ಬಟನ್ನನ್ನು ಸಾಲಾಗಿ ಒತ್ತುವುದೂ ಹೆಚ್ಚು ಎಂದು ತೋರಿಸಿದರು. ಚಂದದ ಕೆಲಸ. ಆದರೆ ಆ 300 ಅನ್ನುವ ಸಂಖ್ಯೆ ಇಂಗ್ಲಿಷ್ ಓದುವ ವೇಗದ ಅಧ್ಯಯನಗಳಿಂದ ಬಂದದ್ದು. ನಮ್ಮ ಕನ್ನಡ ಫಾರ್ಮಿಗೆ ಹಾಕಿ ನೋಡಿ ಎಂತ ಆಗುತ್ತದೆ ಅಂತ.

ನಮ್ಮ ಮೂರನೇ ಪುಟದ ಒಂದು ವಾಕ್ಯ ಹೀಗಿತ್ತು: “ಸಂಜೆ ಮನೆಗೆ ತಲುಪುವಷ್ಟರಲ್ಲಿ ಓದಲಾಗದಷ್ಟು ಸುಸ್ತಾಗಿರುತ್ತದೆ.” ಎಣಿಸಿದರೆ ಐದು ಪದ. ಇದನ್ನೇ ಇಂಗ್ಲಿಷ್ ಫಾರ್ಮಿನಲ್ಲಿ ಬರೆದಾಗ ಹದಿನೈದು ಪದ ಆಯಿತು. ಪದಕ್ಕೆ 300 ಮಿಲಿಸೆಕೆಂಡಿನ ಲೆಕ್ಕದಲ್ಲಿ ಇಂಗ್ಲಿಷ್ ಓದುವವರಿಗೆ ಕನಿಷ್ಠ 4.5 ಸೆಕೆಂಡ್ ಬೇಕು, ಕನ್ನಡ ಓದುವವರಿಗೆ 1.5 ಸೆಕೆಂಡ್ ಸಾಕು! ಅರ್ಥ ಒಂದೇ, ವಾಕ್ಯ ಒಂದೇ. ನಮ್ಮ ಭಾಷೆಯಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಪದ ಕಡಿಮೆ, ಆದರೆ ಒಂದೊಂದು ಪದ ಇಷ್ಟುದ್ದ. “ತಲುಪುವಷ್ಟರಲ್ಲಿ” ಅನ್ನುವುದನ್ನು ಇಂಗ್ಲಿಷಿನ ಮೂರಕ್ಷರದ ಪದದ ಸಮಯದಲ್ಲಿ ಓದಿ ಮುಗಿಸಲಿಕ್ಕೆ ಆಗ್ತದಾ? ಈ ಅಳತೆಗೋಲು ಹಿಡಿದರೆ ಕನ್ನಡದಲ್ಲಿ ಓದದೇ ಒತ್ತಿದವರೂ ಆರಾಮಾಗಿ ಪಾಸಾಗುತ್ತಾರೆ, ಇಂಗ್ಲಿಷಿನಲ್ಲಿ ಸ್ವಲ್ಪ ಚುರುಕಾಗಿ ಓದಿದವರು ಸಿಕ್ಕಿಬೀಳುತ್ತಾರೆ.

ಹಾಗಾಗಿ ಹೊರಗಿನಿಂದ ತಂದ ಸಂಖ್ಯೆ ಬೇಡ, ನಮ್ಮವರನ್ನೇ ಅಳತೆಗೋಲು ಮಾಡುವ ಅಂತ ತೀರ್ಮಾನಿಸಿದೆವು. ಇದಕ್ಕೂ ದಾರಿ ಉಂಟು. ಜರ್ಮನಿಯ ಡೊಮಿನಿಕ್ ಲೈನರ್ ಎಂಬವರು 2019ರ ಒಂದು ಲೇಖನದಲ್ಲಿ ಸರಳವಾದ ಸೂಚ್ಯಂಕವೊಂದನ್ನು ಹೇಳುತ್ತಾರೆ. ಒಂದು ಪುಟಕ್ಕೆ ಎಲ್ಲರ ಮಧ್ಯಕ ಸಮಯ ಎಷ್ಟೋ ಅದನ್ನು ಈ ವ್ಯಕ್ತಿ ತೆಗೆದುಕೊಂಡ ಸಮಯದಿಂದ ಭಾಗಿಸಿ. ಉತ್ತರ 1 ಬಂದರೆ ಎಲ್ಲರ ಹಾಗೆ. 2 ಬಂದರೆ ಇತರರಿಗಿಂತ ಎರಡು ಪಟ್ಟು ವೇಗ. ಎರಡರ ಹತ್ತಿರ ಬಂದರೆ ಸಂಶಯ ಪಡಬಹುದು ಅನ್ನುವುದು ಅವರ ಅಂದಾಜು. ಅರ್ಥವಿಲ್ಲದ ಉತ್ತರಗಳನ್ನು ಹಿಡಿಯುವುದರಲ್ಲಿ ಬೇರೆ ಲಕ್ಷಣಗಳಿಗಿಂತ ಸಮಯವೇ ಚೆನ್ನಾಗಿ ಕೆಲಸ ಮಾಡಿತು ಎಂದೂ ಅವರು ಕಂಡುಕೊಂಡರು.

ನಮ್ಮ ಮೊದಲ ಪುಟದ ಮಧ್ಯಕ ಕನ್ನಡದಲ್ಲಿ 48 ಸೆಕೆಂಡ್, ಇಂಗ್ಲಿಷಿನಲ್ಲಿ 42. ಎರಡನ್ನೂ ಬೆರೆಸದೇ, ಕನ್ನಡದವರನ್ನು ಕನ್ನಡದವರ ಜೊತೆಗೆ, ಇಂಗ್ಲಿಷಿನವರನ್ನು ಇಂಗ್ಲಿಷಿನವರ ಜೊತೆಗೆ ಹೋಲಿಸಿದೆವು. ಅಂದರೆ ಸಂಶಯದ ಗೆರೆ ಕನ್ನಡಕ್ಕೆ 24 ಸೆಕೆಂಡ್, ಇಂಗ್ಲಿಷಿಗೆ 21. ಈ ಗೆರೆ ಸರಿಯಾ ಅಂತ ನೋಡಲಿಕ್ಕೆ ಹಾಸ್ಟೆಲ್ಲಿನಲ್ಲಿ ಕೆಲವರನ್ನು ಕೂರಿಸಿ, ಉತ್ತರ ಬೇಡ, ಕನ್ನಡ ಪುಟವನ್ನು ಮನಸ್ಸಲ್ಲೇ ಆದಷ್ಟು ಬೇಗ ಓದಿ ಕೈ ಎತ್ತಿ ಅಂದೆವು. ಎಲ್ಲರಿಗಿಂತ ಬೇಗ ಓದಿದವಳು, ಕಾದಂಬರಿ ಹುಳು ಅವಳು, 19 ಸೆಕೆಂಡ್ ತೆಗೆದುಕೊಂಡಳು. ಅದರ ಮೇಲೆ ಎಂಟು ಸಲ ಬಟನ್ ಹುಡುಕಿ ಒತ್ತುವ ಸಮಯ ಸೇರಿಸಿದರೆ 24ರ ಗೆರೆ ಅನ್ಯಾಯದ್ದಲ್ಲ ಅಂತ ಅನಿಸಿತು. ಹನ್ನೊಂದು ಸೆಕೆಂಡಿನಲ್ಲಿ ಓದುವುದಂತೂ ಯಾರ ಕೈಯಲ್ಲೂ ಆಗಲಿಲ್ಲ.

ಪುಟದ ಸಮಯ ನೋಡಬೇಕು, ಒಟ್ಟು ಸಮಯ ನೋಡಬಾರದು. ಮೂಡುಬಿದಿರೆಯಲ್ಲೇ ಮನೆ ಇರುವವರು, ಬೈಕಲ್ಲಿ ಬರುವವರು ಬಸ್ಸಿನ ಎರಡು ಪುಟ ಬಿಟ್ಟು ಸೀದಾ ಮೂರನೆಯದಕ್ಕೆ ಹೋಗುವ ಹಾಗೆ ಫಾರ್ಮ್ ಮಾಡಿದ್ದೆವು. ಅವರ ಒಟ್ಟು ಸಮಯ ಕಡಿಮೆ ಇರುವುದು ಸಹಜ. ಒಟ್ಟು ಸಮಯಕ್ಕೆ ಗೆರೆ ಎಳೆದರೆ ಪೇಟೆಯವರು ಗುಂಪಿನಲ್ಲೇ ಅವಸರದವರಾಗುತ್ತಾರೆ!

ಇನ್ನು ಸಾಲು ಗೆರೆಯ ವಿಷಯ. ಮೇಲಿನಿಂದ ಕೆಳಗಿನ ತನಕ ಒಂದೇ ಕಾಲಮ್ಮಿನಲ್ಲಿ ಟಿಕ್ ಹಾಕಿಕೊಂಡು ಹೋಗುವುದಕ್ಕೆ ಸರ್ವೆಯವರು ಸ್ಟ್ರೇಟ್‌ಲೈನಿಂಗ್ ಅನ್ನುತ್ತಾರೆ. ಹಿಡಿಯುವುದು ಸುಲಭ, ಒಂದೇ ಉತ್ತರ ಎಡೆಬಿಡದೆ ಎಷ್ಟು ಸಲ ಬಂದಿದೆ ಅಂತ ಎಣಿಸಿದರಾಯಿತು. ಆರ್ ಗೊತ್ತಿರುವವರಿಗೆ `careless` ಪ್ಯಾಕೇಜಿನಲ್ಲಿ `longstring()` ರೆಡಿ ಉಂಟು. ನಾವು ಪೈಥಾನಿನಲ್ಲಿ ಬರೆದುಕೊಂಡದ್ದು ಇಷ್ಟೇ:

```python
med = df.groupby("lang")["t1"].transform("median")
df["rsi1"] = med / df["t1"]

def run(a):
    best = n = 1
    for x, y in zip(a, a[1:]):
        n = n + 1 if x == y else 1
        best = max(best, n)
    return best

df["run1"] = [run(r) for r in df[page1].values.tolist()]
```

`t1` ಮೊದಲ ಪುಟದ ಸೆಕೆಂಡು, `page1` ಆ ಪುಟದ ಎಂಟು ಕಾಲಮ್ಮುಗಳ ಹೆಸರಿನ ಪಟ್ಟಿ. ಉಳಿದೆರಡು ಪುಟಕ್ಕೂ ಇದೇ. `run1` ಎಂಟು ಬಂದರೆ ಪೂರ್ತಿ ಸಾಲು ಗೆರೆ.

ಎಣಿಸುವುದು ಸುಲಭ ಅಂದೆ, ಅರ್ಥ ಮಾಡುವುದು ಸುಲಭ ಅಲ್ಲ. ಯಾಕೆಂದರೆ ಗೆರೆ ಎಳೆದವರೆಲ್ಲ ಕಳ್ಳರಲ್ಲ. ಎಂಟು ವಾಕ್ಯಗಳೂ ಒಂದೇ ದಿಕ್ಕಿಗೆ ನೋಡುತ್ತಿದ್ದರೆ, ನಿಜವಾಗಿಯೂ ಎಲ್ಲದರಲ್ಲೂ ತೊಂದರೆ ಇರುವವರು ಎಂಟಕ್ಕೂ 5 ಒತ್ತಲೇಬೇಕು. ಬೇರೆ ಏನು ಒತ್ತಿದರೂ ಅದು ಸುಳ್ಳು. ಇದಕ್ಕೆ ಪುಸ್ತಕದಲ್ಲಿ ಹೇಳುವ ಮದ್ದು, ನಡುವೆ ಒಂದೆರಡು ತಿರುಗಿಸಿದ ವಾಕ್ಯ ಹಾಕುವುದು. ಆಗ ಓದದೇ ಒತ್ತಿದವರು ತಮ್ಮ ಮಾತಿಗೆ ತಾವೇ ವಿರುದ್ಧ ಹೇಳಿ ಸಿಕ್ಕಿಬೀಳುತ್ತಾರೆ.

ಕನ್ನಡದಲ್ಲಿ ಇದನ್ನು ಮಾಡುವಾಗ ಸ್ವಲ್ಪ ಜಾಗ್ರತೆ ಬೇಕು. “ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ” ಅಂತ ವಾಕ್ಯ, “ಒಪ್ಪುವುದಿಲ್ಲ” ಅಂತ ಬಟನ್. ಸೀಟು ಸಿಗುವುದಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ, ಅಂದರೆ ಸೀಟು ಸಿಗ್ತದಾ ಇಲ್ವಾ? ಗಮನವಿಟ್ಟು ಓದುವವರೇ ಇಲ್ಲಿ ತಡವರಿಸುತ್ತಾರೆ, ಆಮೇಲೆ ಅವರನ್ನೇ ನಾವು ಗಮನವಿಲ್ಲದವರು ಅಂತ ಹೊರಗೆ ಹಾಕುತ್ತೇವೆ. ಅದಕ್ಕೆ “ಇಲ್ಲ” ಬಳಸದೇ ತಿರುಗಿಸಿದೆವು. ಮೊದಲ ಪುಟದ ಎರಡನೇ ವಾಕ್ಯ “ಹೆಚ್ಚಿನ ದಿನ ಸೀಟು ಸಿಗುತ್ತದೆ”, ಆರನೆಯದು “ಹೆಚ್ಚಿನ ದಿನ ನಿಂತೇ ಬರುತ್ತೇನೆ”. ಎರಡಕ್ಕೂ 5 ಒತ್ತಿದವರು ಒಂದೋ ಓದಿಲ್ಲ, ಇಲ್ಲವೇ ಸೀಟು ಸಿಕ್ಕಿದರೂ ಅಜ್ಜಿಗಳಿಗೆ ಬಿಟ್ಟುಕೊಡುವ ಪುಣ್ಯಾತ್ಮರು. (ಎರಡನೇ ಜಾತಿಯವರೂ ಇರಬಹುದು, ನಗಬೇಡಿ. ಅದಕ್ಕೇ ಈ ಒಂದು ಜೋಡಿಯನ್ನು ನೋಡಿ ಮಾತ್ರ ಯಾರನ್ನೂ ಬಿಡಬಾರದು.) ಈ ಜೋಡಿಗೆ ಒಂದು ಮಿತಿಯೂ ಉಂಟು. ಎರಡಕ್ಕೂ 3 ಒತ್ತಿದರೆ ವಿರೋಧವೇ ಇಲ್ಲ. ಒಮ್ಮೊಮ್ಮೆ ಸೀಟು, ಒಮ್ಮೊಮ್ಮೆ ನಿಲ್ಲುವುದು, ಸರಿಯಾಗಿಯೇ ಉಂಟು. ನಡುವಿನ ಗೆರೆ ಎಳೆದವರನ್ನು ತಿರುಗಿಸಿದ ವಾಕ್ಯ ಹಿಡಿಯುವುದೇ ಇಲ್ಲ.

ಫೋನಿನ ಪರದೆಯೂ ಗೆರೆ ಎಳೆಸುತ್ತದೆ. ಟೇಬಲ್ ತರಹದ ಪ್ರಶ್ನೆ ಸಣ್ಣ ಫೋನಿನಲ್ಲಿ ಬಲಕ್ಕೆ ಸರಿಸಿ ನೋಡುವ ಹಾಗಾದರೆ, 4 ಮತ್ತು 5 ಕಾಣದೇ ಎಡಬದಿಯ ಬಟನ್ನುಗಳಲ್ಲೇ ಕೆಲಸ ಮುಗಿಸುವವರಿದ್ದಾರೆ. ನಾವು ಕಳಿಸುವ ಮೊದಲು ನಮ್ಮಲ್ಲಿದ್ದ ಅತಿ ಸಣ್ಣ ಫೋನಿನಲ್ಲಿ ತೆರೆದು ಐದೂ ಬಟನ್ ಕಾಣುತ್ತದಾ ಅಂತ ನೋಡಿಕೊಂಡೆವು.

ಇಷ್ಟಾದ ಮೇಲೆ ನಿಯಮ. ಇದನ್ನು ಉತ್ತರಗಳ ಸರಾಸರಿ ನೋಡುವ ಮೊದಲೇ ಬರೆದಿಟ್ಟೆವು, ಊರಿನ ಕಾಲಮ್ಮನ್ನೂ ಮುಚ್ಚಿಟ್ಟೆವು. ಕಾರಣ ಸರಳ. ನಮಗೆ ಲ್ಯಾಬ್ ಬೇಗ ಮುಗಿಯಬೇಕಿತ್ತು. ಯಾರನ್ನು ಬಿಟ್ಟರೆ ಸಂಖ್ಯೆ ನಮ್ಮ ಕಡೆಗೆ ವಾಲುತ್ತದೆ ಅಂತ ಗೊತ್ತಾದ ಮೇಲೆ ಮನಸ್ಸು ಅಲ್ಲಿಗೇ ಕಾರಣ ಹುಡುಕುತ್ತದೆ. ಮತ್ತೆ ಸ್ಟಾಪಿನ ಹೆಸರು, ತುಂಬಿದ ಹೊತ್ತು ಎರಡನ್ನೂ ನೋಡಿದರೆ ಅರ್ಧದಷ್ಟು ಜನ ಯಾರು ಅಂತ ಹೇಳಬಹುದಿತ್ತು, ಅಷ್ಟು ಸಣ್ಣ ಊರು ನಮ್ಮದು.

ನಿಯಮ ಹೀಗೆ. ಮೂರರಲ್ಲಿ ಎರಡು ಪುಟದಲ್ಲಾದರೂ ವೇಗ ಎರಡು ಪಟ್ಟು ದಾಟಿದರೆ ಒಂದು ಕೆಂಪು ಬಾವುಟ. ಯಾವುದಾದರೂ ಒಂದು ಪುಟದಲ್ಲಿ ಪೂರ್ತಿ ಗೆರೆ ಇದ್ದರೆ ಇನ್ನೊಂದು ಬಾವುಟ. ಎರಡೂ ಇದ್ದರೆ ಮಾತ್ರ ಹೊರಗೆ. ಬಸ್ಸಿನ ಪುಟಗಳಿಲ್ಲದವರಿಗೆ ಮೂರನೇ ಪುಟ ಒಂದೇ ಲೆಕ್ಕ.

ಓಡಿಸಿ ನೋಡಿದಾಗ ವೇಗದ ಬಾವುಟ 22 ಜನರಿಗೆ ಬಂತು, ಗೆರೆಯ ಬಾವುಟ 31 ಜನರಿಗೆ, ಎರಡೂ ಒಟ್ಟಿಗೆ 12 ಜನರಿಗೆ. ಕೆಲವು ಸಾಲುಗಳನ್ನು ಬಿಡಿಸಿ ಹೇಳ್ತೇನೆ.

131ನೇ ಸಾಲು. ಮೊದಲು ಹೇಳಿದ ಹನ್ನೊಂದು ಸೆಕೆಂಡಿನವರು. ಕನ್ನಡ ಫಾರ್ಮ್, ಹಾಗಾಗಿ 48ನ್ನು 11ರಿಂದ ಭಾಗಿಸಿದರೆ 4.4. ಮುಂದಿನ ಎರಡು ಪುಟ 9 ಮತ್ತು 8 ಸೆಕೆಂಡ್. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ 5, ಸೀಟೂ ಸಿಗುತ್ತದೆ, ನಿಂತೇ ಬರುತ್ತಾರೆ. ಇದರಲ್ಲಿ ಚರ್ಚೆ ಇಲ್ಲ. 88ನೇ ಸಾಲು ಪೂರ್ತಿ 3. ವಿರೋಧ ಇಲ್ಲ, ಆದರೆ ಮೂರು ಪುಟಕ್ಕೂ ಸೇರಿ 25 ಸೆಕೆಂಡ್. ಇದನ್ನು ತಿರುಗಿಸಿದ ವಾಕ್ಯ ಹಿಡಿಯಲಿಲ್ಲ, ಗಡಿಯಾರ ಹಿಡಿಯಿತು.

44ನೇ ಸಾಲಿನ ಬಗ್ಗೆ ಅರ್ಧ ಗಂಟೆ ಜಗಳ ಆಯಿತು. ಇಂಗ್ಲಿಷ್ ಫಾರ್ಮ್, ಮೊದಲ ಪುಟ 20 ಸೆಕೆಂಡ್, ಸೂಚ್ಯಂಕ 2.1. ಎರಡನೇ ಪುಟವೂ ಹಾಗೇ. ಆದರೆ ಉತ್ತರಗಳು ಬೇರೆ ಬೇರೆ, ಸೀಟಿಗೆ 1, ನಿಲ್ಲುವುದಕ್ಕೆ 5. “ಬೇಗ ಓದುವವ ಇರ್ಬಹುದು, ಬೇಗ ಓದುವುದು ತಪ್ಪಾ?” ಅಂತ ನಮ್ಮಲ್ಲೊಬ್ಬಳು ಹಿಡಿದ ಪಟ್ಟು ಬಿಡಲಿಲ್ಲ. ವಾಕ್ಯಕ್ಕೆ ಎರಡೂವರೆ ಸೆಕೆಂಡ್ ಅಂದರೆ ಓದಲಿಕ್ಕೆ ಸಾಧ್ಯ ಉಂಟು. ಒಂದೇ ಬಾವುಟ, ಹಾಗಾಗಿ ಉಳಿಯಿತು. ನನಗೆ ಕೇಳಿದರೆ ಉಳಿದದ್ದೇ ಸರಿ.

ನಿಯಮಕ್ಕೆ ಸಿಗದ ಒಂದು ಸಾಲನ್ನು ಮಾತ್ರ ಕಣ್ಣಿನಿಂದ ಹಿಡಿದೆವು: 1, 2, 3, 4, 5, 4, 3, 2, ಮುಂದಿನ ಪುಟದಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಮೆಟ್ಟಿಲು ಹತ್ತಿ ಇಳಿದ ಹಾಗೆ. ಸಾಲಾಗಿ ಒಂದೇ ಉತ್ತರ ಒಮ್ಮೆಯೂ ಬಂದಿಲ್ಲ, ಆದ್ದರಿಂದ `run` ಒಂದೇ ಒಂದು. ಪ್ರೋಗ್ರಾಮಿನ ಕಣ್ಣಲ್ಲಿ ಇದು ಅತ್ಯಂತ ಪ್ರಾಮಾಣಿಕ ವಿದ್ಯಾರ್ಥಿ. ಪುಟಕ್ಕೆ 14 ಸೆಕೆಂಡ್. ಇದನ್ನೂ ಬಿಟ್ಟು, ನಿಯಮದ ಹೊರಗೆ ಬಿಟ್ಟದ್ದು ಅಂತ ಬೇರೆಯಾಗಿ ಬರೆದೆವು. ಒಟ್ಟು 13 ಹೋಯಿತು, 193 ಉಳಿಯಿತು.

ಆ ಹದಿಮೂರರಲ್ಲಿ ಎಂಟು ಸಾಲುಗಳು ಒಂದೇ ದಿನ, ಊಟದ ಬೆಲ್ಲಿಗೆ ಮೊದಲಿನ ಹತ್ತು ನಿಮಿಷದಲ್ಲಿ ಬಂದದ್ದು. ವಿಚಾರಿಸಿದರೆ, ಒಂದು ಕ್ಲಾಸಿನಲ್ಲಿ “ಎಲ್ಲರೂ ಈಗಲೇ ತುಂಬಿ, ತುಂಬಿದವರು ಊಟಕ್ಕೆ ಹೋಗಿ” ಅಂದಿದ್ದರಂತೆ. ಹಸಿವಾದವನ ಹತ್ತಿರ ಬಸ್ಸಿನ ಬಗ್ಗೆ ಇಪ್ಪತ್ತನಾಲ್ಕು ಪ್ರಶ್ನೆ ಕೇಳಿದರೆ ಇನ್ನೇನಾಗುತ್ತದೆ! ಇಂಥ ಉತ್ತರಕ್ಕೆ ಹರ್ಬರ್ಟ್ ಸೈಮನ್ನನ ಒಂದು ಪದ ಉಂಟು, ಸ್ಯಾಟಿಸ್ಫೈಸಿಂಗ್. ಅತ್ಯುತ್ತಮವಾದದ್ದನ್ನು ಹುಡುಕದೇ “ಇಷ್ಟು ಸಾಕು” ಅನ್ನುವಲ್ಲಿ ನಿಲ್ಲುವುದು. 1991ರಲ್ಲಿ ಜಾನ್ ಕ್ರಾಸ್ನಿಕ್ ಅದನ್ನು ಸರ್ವೆಗೆ ತಂದು, ಪ್ರಶ್ನೆ ಕಷ್ಟವಿದ್ದಷ್ಟೂ, ತುಂಬುವವರಿಗೆ ಮನಸ್ಸು ಮತ್ತು ಶಕ್ತಿ ಕಡಿಮೆ ಇದ್ದಷ್ಟೂ ಇದು ಹೆಚ್ಚುತ್ತದೆ ಎಂದರು. ನಮ್ಮ ಎಂಟು ಜನರಿಗೆ ಮನಸ್ಸು ಕ್ಯಾಂಟೀನಿನಲ್ಲಿತ್ತು.

ಈಗ ಊರಿನ ಕಾಲಮ್ ತೆರೆಯುವ ಹೊತ್ತು. ಬಿಟ್ಟವರು ಒಂದೇ ಕಡೆಯವರಾಗಿದ್ದಾರಾ ಅಂತ ನೋಡಬೇಕಲ್ಲ. ಹಾಗೆ ಆಗಿದ್ದರೆ ಒಂದೊಂದು ಸಾಲನ್ನು ಮತ್ತೆ ಕೆದಕುವುದಲ್ಲ, ನಿಯಮವನ್ನೇ ಮತ್ತೊಮ್ಮೆ ನೋಡಬೇಕು ಅಂತ ಮೊದಲೇ ಮಾತಾಗಿತ್ತು. ಹಾಗೇನೂ ಇರಲಿಲ್ಲ. ಆದರೆ ಗೆರೆಯ ಬಾವುಟ ಮಾತ್ರ ಬಂದು ಉಳಿದುಕೊಂಡವರನ್ನು ಊರಿನ ಪ್ರಕಾರ ನೋಡಿದಾಗ ವಿಷಯ ಗೊತ್ತಾಯಿತು.

ವೇಣೂರಿನಲ್ಲಿ ಇಳಿದು ಅಲ್ಲಿಂದ ಒಳಗೆ ಇನ್ನೊಂದು ಬಸ್ಸು ಹಿಡಿಯುವವರು ನಮ್ಮ ಶೀಟಿನಲ್ಲಿ 18 ಜನ. ಅವರಲ್ಲಿ ಐವರು ಸಂಜೆಯ ಪುಟಕ್ಕೆ ಎಂಟಕ್ಕೆ ಎಂಟೂ 5 ಒತ್ತಿದ್ದರು. ಪೂರ್ತಿ ಗೆರೆ. ಸಮಯ ನೋಡಿದರೆ ಐವರದ್ದೂ ಒಂದು ನಿಮಿಷದ ಮೇಲೆ. ಬೆಳಗ್ಗಿನ ಪುಟದಲ್ಲಿ ಸೀಟು, ನಿಲ್ಲುವುದು ಎರಡೂ ಸರಿಯಾಗಿ ಉಲ್ಟಾ. ಕೊನೆಯ ಖಾಲಿ ಪೆಟ್ಟಿಗೆಯಲ್ಲಿ ಒಬ್ಬಳು ಬರೆದಿದ್ದಳು: “ಲ್ಯಾಬ್ ದಿನ ವೇಣೂರಿಗೆ ಬರುವಾಗ ನಮ್ಮ ಬಸ್ ಹೋಗಿ ಆಗಿರ್ತದೆ. ಮತ್ತೆ ಅಪ್ಪ ಬೈಕಲ್ಲಿ ಬರುವವರೆಗೆ ಕಾಯುವುದು. ಮಳೆಗಾಲದಲ್ಲಿ ಕಷ್ಟ.” ಸಂಜೆಯ ಪುಟದ ಎಂಟು ವಾಕ್ಯಗಳೂ ತೊಂದರೆಯ ಕಡೆಗೇ ನೋಡುವಂಥವು. ಅವಳು ಎಂಟಕ್ಕೂ 5 ಅಲ್ಲದೆ ಇನ್ನೇನು ಒತ್ತಬೇಕಿತ್ತು?

ಇದರ ಲೆಕ್ಕ ಕೇಳಿ. “ಸಂಜೆ ಅರ್ಧ ಗಂಟೆಗಿಂತ ಹೆಚ್ಚು ಕಾಯಬೇಕಾಗುತ್ತದೆ” ಎಂಬ ವಾಕ್ಯಕ್ಕೆ ಈ 18 ಜನರ ಉತ್ತರಗಳ ಮೊತ್ತ 74, ಸರಾಸರಿ 4.11. ಗೆರೆ ಎಳೆದವರನ್ನೆಲ್ಲ ಬಿಡುವುದು ಅಂತ ನಿಯಮ ಮಾಡಿದ್ದರೆ ಈ ಐವರ 25 ಹೋಗಿ, 13 ಜನರ ಮೊತ್ತ 49, ಸರಾಸರಿ 3.77. ಬಂಟ್ವಾಳ ಕಡೆಯವರ ಸರಾಸರಿ 3.7 ಇತ್ತು. ಅಂದರೆ ಶೀಟು “ಎರಡೂ ಕಡೆ ಹೆಚ್ಚುಕಡಿಮೆ ಒಂದೇ” ಅನ್ನುತ್ತಿತ್ತು. ಡೇಟಾ ಕ್ಲೀನ್ ಮಾಡಿದ ಹೆಸರಿನಲ್ಲಿ, ಎಲ್ಲರಿಗಿಂತ ಹೆಚ್ಚು ಕಾಯುವವರೇ ಕ್ಲೀನ್ ಆಗಿ ಹೋಗುತ್ತಿದ್ದರು. ತೊಂದರೆ ಹೆಚ್ಚಾದ ಹಾಗೆ ಉತ್ತರಗಳು ಅಂಚಿಗೆ ಹೋಗುತ್ತವೆ, ಅಂಚಿನಲ್ಲಿ ಎಲ್ಲ ಉತ್ತರವೂ ಒಂದೇ ಆಗಿಬಿಡುತ್ತದೆ, ಹಾಗಾಗಿ ಗೆರೆಯನ್ನು ಮಾತ್ರ ನೋಡುವ ನಿಯಮ ಅತಿ ಹೆಚ್ಚು ತೊಂದರೆ ಇರುವವರನ್ನೇ ಹುಡುಕಿ ಹೊರಗೆ ಹಾಕುತ್ತದೆ.

ಗೈಡ್ ಸರ್ ಹತ್ತಿರ ಹೋದಾಗ ಅವರ ಪ್ರಶ್ನೆ ಬೇರೆ ಇತ್ತು. “ಇನ್ನೂರು ರೆಸ್ಪಾನ್ಸ್ ಅಂತ ಪ್ರಪೋಸಲ್ಲಿನಲ್ಲಿ ಬರೆದಿದ್ದೀರಿ. ಈಗ 193 ಅಂತ ತೋರಿಸಿದ್ರೆ ಹೇಗೆ? ಹದಿಮೂರೇ ಅಲ್ವಾ, ಇರ್ಲಿ ಬಿಡಿ.” ಅವರ ಮಾತಿನಲ್ಲೂ ಹುರುಳಿತ್ತು. 2015ರಲ್ಲಿ ಗ್ರೆಸ್ಕಿ ಮತ್ತು ಜೊತೆಗಾರರು ಜರ್ಮನಿ, ಅಮೆರಿಕದ ಸರ್ವೆಗಳಲ್ಲಿ ಅತಿ ವೇಗದವರನ್ನು ತೆಗೆದು ನೋಡಿದಾಗ ಫಲಿತಾಂಶ ಹೆಚ್ಚೇನೂ ಬದಲಾಗಲಿಲ್ಲ ಎಂದು ಬರೆದಿದ್ದಾರೆ. ನಮ್ಮಲ್ಲೂ ಒಟ್ಟು ಸರಾಸರಿಗಳು 206ಕ್ಕೂ 193ಕ್ಕೂ ಹೆಚ್ಚು ಅಲುಗಾಡಲಿಲ್ಲ. ಸಣ್ಣ ಗುಂಪುಗಳಲ್ಲಿ ಮಾತ್ರ ವ್ಯತ್ಯಾಸ ಕಾಣುತ್ತದೆ, ಏಕೆಂದರೆ ಹದಿನೆಂಟರಲ್ಲಿ ಐದು ಅಂದರೆ ಕಾಲು ಭಾಗಕ್ಕಿಂತ ಹೆಚ್ಚು. ಕೊನೆಗೆ ಒಪ್ಪಂದ ಹೀಗಾಯಿತು: ಪ್ರತಿ ಟೇಬಲ್ಲಿನಲ್ಲಿ ಎರಡು ಕಾಲಮ್, ಎಲ್ಲ 206 ಜನರದ್ದು ಒಂದು, 193 ಜನರದ್ದು ಇನ್ನೊಂದು. ಬಿಟ್ಟ ಹದಿಮೂರು ಸಾಲುಗಳೂ ಹಿಂದಿನ ಅನುಬಂಧದಲ್ಲಿ, ಯಾಕೆ ಬಿಟ್ಟೆವು ಎಂಬುದರ ಜೊತೆಗೆ. ಮೂಲ ಫೈಲಿನಿಂದ ಏನನ್ನೂ ಅಳಿಸಲಿಲ್ಲ, `drop_reason` ಅಂತ ಒಂದು ಕಾಲಮ್ ಸೇರಿಸಿದೆವು ಅಷ್ಟೇ. ಪ್ರಪೋಸಲ್ಲಿನ ಇನ್ನೂರಕ್ಕೆ 206 ಆಯಿತಲ್ಲ ಅಂತ ಸರ್ ಕೂಡ ಸಮಾಧಾನ ಪಟ್ಟರು.

ಪ್ರೆಸೆಂಟೇಶನ್ನಿನಲ್ಲಿ ಬಂದ ಮೊದಲ ಪ್ರಶ್ನೆಯೇ ಆ ಐವರ ಬಗ್ಗೆ: “ಇವರು ಎಲ್ಲದಕ್ಕೂ 5 ಕೊಟ್ಟಿದ್ದಾರಲ್ಲ, ಇವರನ್ನು ಯಾಕೆ ಇಟ್ಟುಕೊಂಡಿದ್ದೀರಿ?” ಪುಟದ ಸಮಯ, ಸೀಟಿನ ಜೋಡಿ, ಆ ಹುಡುಗಿ ಬರೆದ ಮೂರು ವಾಕ್ಯ, ಮೂರನ್ನೂ ಒಂದೇ ಸ್ಲೈಡಿನಲ್ಲಿ ತೋರಿಸಿದೆವು. ಕೇಳಿದವರು ಆಮೇಲೆ ಬಸ್ಸಿನ ಟೈಮ್ ಕೇಳಿದರು, ಸರ್ವೆಯ ಬಗ್ಗೆ ಮತ್ತೆ ಕೇಳಲಿಲ್ಲ. ಲ್ಯಾಬಿನ ಸಮಯದ ಅರ್ಜಿ ಮುಂದಿನ ಸೆಮಿಸ್ಟರಿನ ಟೈಮ್‌ಟೇಬಲ್ ಮಾಡುವವರ ಮೇಜಿನ ಮೇಲೆ ಉಂಟು. ಜೂನಿಯರ್ಸ್ ಇದೇ ಸರ್ವೆಯನ್ನು ಮತ್ತೊಮ್ಮೆ ಮಾಡಲಿದ್ದಾರೆ. ಸಂಜೆಯ ಪುಟಕ್ಕೂ ಒಂದು ತಿರುಗಿಸಿದ ಜೋಡಿ ಸೇರಿಸಿ ಕೊಟ್ಟಿದ್ದೇವೆ, ಫಾರ್ಮನ್ನು ಊಟದ ಬೆಲ್ಲಿಗೆ ಮೊದಲು ಯಾವ ಕ್ಲಾಸಿನಲ್ಲೂ ಹಂಚಬೇಡಿ ಎಂದೂ ಹೇಳಿದ್ದೇವೆ.